ಗೆಲ್ಲುವ ನಾಣ್ಯಕ್ಕೆ ಎಷ್ಟು ಕಟ್ಟಬೇಕು?

ವಿಕ್ಟರ್ ಹಘಾನಿ ಮತ್ತು ರಿಚರ್ಡ್ ಡ್ಯೂಯಿ ಎಂಬಿಬ್ಬರು 2016ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 61 ಮಂದಿಗೆ ತಲಾ 25 ಡಾಲರ್ ಕೊಟ್ಟು, ಕಂಪ್ಯೂಟರ್ ಮುಂದೆ ಅರ್ಧ ಗಂಟೆ ನಾಣ್ಯ ಚಿಮ್ಮುವ ಆಟ ಆಡಿಸಿದ್ದರು. ನಾಣ್ಯ ಸಾಚಾ ಅಲ್ಲ, ನೂರಕ್ಕೆ ಅರವತ್ತು ಸಲ ಹೆಡ್ಸ್ ಬೀಳುವಂಥದ್ದು ಎಂದು ಅವರಿಗೆ ಮೊದಲೇ ಹೇಳಲಾಗಿತ್ತು. ಎಷ್ಟು ಕಟ್ಟುತ್ತೀರೋ, ಗೆದ್ದರೆ ಅಷ್ಟೇ ಬರುತ್ತದೆ. ಸೋತರೆ ಕಟ್ಟಿದ್ದು ಹೋಗುತ್ತದೆ. ಇಷ್ಟೊಂದು ಅನುಕೂಲದ ಆಟ ಜಗತ್ತಿನ ಯಾವ ಜೂಜುಕಟ್ಟೆಯಲ್ಲೂ ಸಿಗುವುದಿಲ್ಲ. ಆದರೂ ಆಡಿದವರಲ್ಲಿ ಶೇ 28ರಷ್ಟು ಜನ ಪೂರ್ತಿ ಕೈ ಖಾಲಿ ಮಾಡಿಕೊಂಡು ಎದ್ದರು. 18 ಮಂದಿ ಯಾವುದೋ ಒಂದು ಗಳಿಗೆಯಲ್ಲಿ ಇದ್ದಬದ್ದದ್ದನ್ನೆಲ್ಲ ಒಂದೇ ಚಿಮ್ಮುವಿಕೆಯ ಮೇಲೆ ಇಟ್ಟಿದ್ದರು.

ಇವರೇನು ಲೆಕ್ಕ ಗೊತ್ತಿಲ್ಲದವರಲ್ಲ. ಅರ್ಥಶಾಸ್ತ್ರ, ಹಣಕಾಸು ಓದುತ್ತಿದ್ದ ವಿದ್ಯಾರ್ಥಿಗಳು, ಹೂಡಿಕೆ ಕಂಪನಿಗಳಲ್ಲಿ ಕೆಲಸಕ್ಕಿದ್ದ ಎಳೆಯರು. ಪ್ರಯೋಗ ನಡೆಸಿದ ಹಘಾನಿ ಕೂಡ ಸಾಮಾನ್ಯ ಆಸಾಮಿಯಲ್ಲ: ಅತಿಯಾದ ಸಾಲದ ಹೂಡಿಕೆಯಿಂದ 1998ರಲ್ಲಿ ಕುಸಿದು ವಾಲ್ ಸ್ಟ್ರೀಟನ್ನೇ ನಡುಗಿಸಿದ ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ಕಂಪನಿಯ ಸ್ಥಾಪಕ ಪಾಲುದಾರರಲ್ಲಿ ಒಬ್ಬ. ಕೈಗಿಂತ ದೊಡ್ಡ ಪಣ ಏನು ಮಾಡುತ್ತದೆಂದು ಆತನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆ 61 ಜನರಲ್ಲಿ ಕೆಲ್ಲಿ ಸೂತ್ರದ ಹೆಸರು ಕೇಳಿದ್ದವರು ಐದೇ ಮಂದಿ.

ಜಾನ್ ಕೆಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ವಿಜ್ಞಾನಿ. ಟೆಲಿಫೋನ್ ತಂತಿಯಲ್ಲಿ ಎಷ್ಟು ಮಾಹಿತಿ ಸಾಗಬಲ್ಲದು ಎಂಬ ಕ್ಲಾಡ್ ಶಾನನ್‌ನ ಸಿದ್ಧಾಂತವನ್ನು ಹಿಡಿದು 1956ರಲ್ಲಿ ಆತ ಒಂದು ಪ್ರಬಂಧ ಬರೆದ. ಅದರಲ್ಲಿ ಬರುವ ಪಾತ್ರ ಒಬ್ಬ ಜೂಜುಗಾರ. ಅವನಿಗೊಂದು ಗುಟ್ಟಿನ ತಂತಿಯಲ್ಲಿ ಫಲಿತಾಂಶ ಮೊದಲೇ ತಿಳಿಯುತ್ತದೆ, ಆದರೆ ತಂತಿಯಲ್ಲಿ ಗದ್ದಲ. ಬಂದ ಸುದ್ದಿ ಕೆಲವೊಮ್ಮೆ ತಪ್ಪಾಗಿರುತ್ತದೆ. ಅಂಥವನು ಪ್ರತಿ ಸಲ ತನ್ನ ಹಣದ ಎಷ್ಟು ಪಾಲು ಕಟ್ಟಿದರೆ ದೀರ್ಘಾವಧಿಯಲ್ಲಿ ಅದು ಎಲ್ಲಕ್ಕಿಂತ ವೇಗವಾಗಿ ಬೆಳೆಯುತ್ತದೆ? ಕೆಲ್ಲಿಯ ಉತ್ತರ ಒಂದು ಸಾಲಿನಲ್ಲಿ ಹಿಡಿಯುತ್ತದೆ:

```
f = (b·p − q) / b
```

ಇಲ್ಲಿ p ಗೆಲ್ಲುವ ಸಾಧ್ಯತೆ, q ಸೋಲುವ ಸಾಧ್ಯತೆ, b ಅಂದರೆ ಒಂದು ರೂಪಾಯಿ ಕಟ್ಟಿ ಗೆದ್ದರೆ ಸಿಗುವ ಲಾಭ. ಬರುವ f ನಮ್ಮ ಇಡುಗಂಟಿನಲ್ಲಿ ಕಟ್ಟಬೇಕಾದ ಪಾಲು. ಹಘಾನಿಯ ನಾಣ್ಯಕ್ಕೆ b ಒಂದು, p 0.6, q 0.4. ಹಾಗಾಗಿ ಉತ್ತರ 0.2. ಪ್ರತಿ ಸಲ ಕೈಯಲ್ಲಿರುವುದರ ಶೇ 20 ಕಟ್ಟಬೇಕು.

‘ಕೈಯಲ್ಲಿರುವುದರ’ ಎಂಬಲ್ಲಿ ಸ್ವಲ್ಪ ನಿಲ್ಲಬೇಕು. ಹತ್ತು ಸಾವಿರ ರೂಪಾಯಿಯಿಂದ ಆರಂಭಿಸಿದವನು ಮೊದಲು ಎರಡು ಸಾವಿರ ಕಟ್ಟುತ್ತಾನೆ. ಸೋತರೆ ಉಳಿದದ್ದು ಎಂಟು ಸಾವಿರ, ಮುಂದಿನ ಪಣ 1,600. ಮತ್ತೆ ಸೋತರೆ 1,280. ಸೋಲುತ್ತ ಹೋದಂತೆ ಪಣ ಕುಗ್ಗುತ್ತದೆ, ಗೆಲ್ಲುತ್ತ ಹೋದಂತೆ ಹಿಗ್ಗುತ್ತದೆ. ಸತತ ಐದು ಸಲ ಟೇಲ್ಸ್ ಬಿದ್ದರೂ ಕೈಯಲ್ಲಿ 3,277 ರೂಪಾಯಿ ಉಳಿದಿರುತ್ತದೆ. ‘ನನ್ನ ಪಣ ಎರಡು ಸಾವಿರ, ಅಷ್ಟೇ’ ಎಂದು ಹಟ ಹಿಡಿದವನು ಅದೇ ಐದು ಸೋಲಿಗೆ ದಿವಾಳಿ. ಕೆಲ್ಲಿ ಲೆಕ್ಕ ಹಾಕಿಕೊಂಡು ಶುರುಮಾಡಿ, ನಾಲ್ಕು ಸೋಲಿನ ನಂತರ ಹಳೇ ಮೊತ್ತವನ್ನೇ ಕಟ್ಟುವವರು ಬೇಕಾದಷ್ಟಿದ್ದಾರೆ. ಅವರು ಆಡುತ್ತಿರುವುದು ಬೇರೆಯೇ ಆಟ.

ಇಷ್ಟು ಒಳ್ಳೆಯ ನಾಣ್ಯಕ್ಕೆ ಶೇ 20 ಏಕೆ, 40 ಕಟ್ಟಬಾರದೇಕೆ? ಮಾಡಿ ನೋಡೋಣ. ನೂರು ಸಲ ಚಿಮ್ಮಿ, ಲೆಕ್ಕದ ಪ್ರಕಾರವೇ ಸರಿಯಾಗಿ 60 ಹೆಡ್ಸ್, 40 ಟೇಲ್ಸ್ ಬಿತ್ತೆನ್ನಿ. ಪ್ರತಿ ಸಲ ಶೇ 20 ಕಟ್ಟಿದವನ ಹತ್ತು ಸಾವಿರ ಸುಮಾರು 74,900 ಆಗುತ್ತದೆ. ಶೇ 40 ಕಟ್ಟಿದವನದು 7,830ಕ್ಕೆ ಇಳಿಯುತ್ತದೆ. ಅರವತ್ತು ಸಲ ಗೆದ್ದು, ನಲವತ್ತೇ ಸಲ ಸೋತು, ಕೊನೆಗೆ ನಷ್ಟ! ಗುಟ್ಟು ಇರುವುದು ಶೇಕಡಾವಾರಿನಲ್ಲಿ. ಶೇ 40 ಗೆದ್ದು ಶೇ 40 ಸೋತರೆ ಇದ್ದಲ್ಲಿಗೆ ಬರುವುದಿಲ್ಲ. ನೂರು ನೂರನಲವತ್ತಾಗಿ, ಅದರಲ್ಲಿ ನಲವತ್ತು ಪಾಲು ಹೋಗಿ ಎಂಬತ್ತನಾಲ್ಕಕ್ಕೆ ನಿಲ್ಲುತ್ತದೆ. ಪಣ ದೊಡ್ಡದಾದಷ್ಟೂ ಪ್ರತಿ ಏರಿಳಿತದಲ್ಲಿ ಹೀಗೆ ಸೋರುವುದು ಹೆಚ್ಚು. ಕೆಲ್ಲಿ ಹೇಳಿದ ಪಣದವರೆಗೆ ಮೇಲುಗೈಯ ಲಾಭ ಸೋರಿಕೆಗಿಂತ ವೇಗವಾಗಿ ಏರುತ್ತದೆ. ಅದನ್ನು ದಾಟಿದರೆ ಬೆಳವಣಿಗೆ ಇಳಿಯತೊಡಗಿ, ಸುಮಾರು ಎರಡರಷ್ಟಾದಾಗ ಸೊನ್ನೆ ಮುಟ್ಟಿ, ಆಮೇಲೆ ಗುಂಡಿಗೆ ಬೀಳುತ್ತದೆ.

ಇಲ್ಲಿಯವರೆಗೆ ಕೆಲ್ಲಿಗೆ ಜೈ ಅನ್ನಬಹುದು. ತೊಡಕು ಇರುವುದು ನಾಣ್ಯ ಲೆಕ್ಕದ ಪ್ರಕಾರ ಬೀಳದಿದ್ದಾಗ.

ನೂರು ಸಲದಲ್ಲಿ 60ರ ಬದಲು 55 ಹೆಡ್ಸ್ ಬಿತ್ತೆನ್ನಿ. ಇದು ದೊಡ್ಡ ದುರದೃಷ್ಟವೇನಲ್ಲ. ಈ ನಾಣ್ಯದಲ್ಲಿ 55 ಅಥವಾ ಅದಕ್ಕಿಂತ ಕಡಿಮೆ ಹೆಡ್ಸ್ ಬೀಳುವ ಸಾಧ್ಯತೆ ಶೇ 18ರ ಹತ್ತಿರ ಇದೆ. ಇಂಥ ಆಟ ಆಡುವ ಆರು ಜನರಲ್ಲಿ ಒಬ್ಬನಿಗೆ ಆಗುವಂಥದ್ದು. ಪೂರ್ತಿ ಕೆಲ್ಲಿ, ಅಂದರೆ ಶೇ 20 ಕಟ್ಟಿದವನ ಹತ್ತು ಸಾವಿರ ಈಗ ಎಷ್ಟಾಯಿತು ಗೊತ್ತೇ? 9,860. ಸೋಲಿಗಿಂತ ಹತ್ತು ಗೆಲುವು ಜಾಸ್ತಿ ಕಂಡು, ಸೂತ್ರವನ್ನು ಒಂದಿಷ್ಟೂ ತಪ್ಪದೆ ಪಾಲಿಸಿ, ಕೈಯಿಂದ 140 ರೂಪಾಯಿ ಕಳೆದುಕೊಂಡು ಎದ್ದಿದ್ದಾನೆ. ಅದೇ ನಾಣ್ಯಕ್ಕೆ, ಅದೇ 55 ಹೆಡ್ಸ್‌ಗೆ, ಪ್ರತಿ ಸಲ ಶೇ 10 ಕಟ್ಟಿದವನ ಬಳಿ 16,500 ಇದೆ.

ಈ ಎರಡನೆಯವನು ಆಡಿದ್ದೇ ಅರ್ಧ ಕೆಲ್ಲಿ. ಸೂತ್ರ ಹೇಳಿದ ಪಾಲನ್ನು ಎರಡರಿಂದ ಭಾಗಿಸುವುದು. ಅದರಲ್ಲಿ ಬೇರೆ ಮಂತ್ರವಿಲ್ಲ. ಕಾಲು ಕೆಲ್ಲಿ, ಮೂರನೇ ಒಂದು ಕೆಲ್ಲಿ ಎಲ್ಲವೂ ಹೀಗೆಯೇ. ಹಾಗಾದರೆ ಅರ್ಧದವನು ತೆತ್ತ ಬೆಲೆ ಎಷ್ಟು? 60 ಹೆಡ್ಸ್ ಬಿದ್ದಾಗ ಅವನ ಹತ್ತು ಸಾವಿರ 45,000 ಆಗುತ್ತದೆ; ಪೂರ್ತಿಯವನ 74,900ಕ್ಕೆ ಹೋಲಿಸಿದರೆ ಕಡಿಮೆ. ಅದೃಷ್ಟ ಒಲಿದು 65 ಹೆಡ್ಸ್ ಬಿದ್ದರೆ ವ್ಯತ್ಯಾಸ ಕಣ್ಣು ಕುಕ್ಕುವಂತಿರುತ್ತದೆ: ಪೂರ್ತಿಯವನಿಗೆ ಸುಮಾರು 5.69 ಲಕ್ಷ, ಅರ್ಧದವನಿಗೆ 1.23 ಲಕ್ಷ. ಒಂದೇ ನಾಣ್ಯ, ನೂರೇ ಚಿಮ್ಮುವಿಕೆ, ಐದು ಹೆಡ್ಸ್ ಆಚೀಚೆ. ಪೂರ್ತಿ ಕೆಲ್ಲಿಯವನು ಹತ್ತು ಸಾವಿರದ ಕೆಳಗಿನಿಂದ ಐದೂವರೆ ಲಕ್ಷದ ಮೇಲಿನವರೆಗೆ ಎಲ್ಲಿ ಬೇಕಾದರೂ ಇರಬಹುದು. ಅರ್ಧದವನ ಹರವು ಹದಿನಾರೂವರೆ ಸಾವಿರದಿಂದ ಒಂದೂಕಾಲು ಲಕ್ಷದವರೆಗೆ ಮಾತ್ರ. ಗಣಿತದವರು ಇದನ್ನು ಹೇಳುವ ಬಗೆ ಬೇರೆ: ಪಣ ಅರ್ಧ ಮಾಡಿದರೆ ಏರಿಳಿತ ಅರ್ಧವಾಗುತ್ತದೆ, ಬೆಳವಣಿಗೆಯ ವೇಗ ಮಾತ್ರ ಮುಕ್ಕಾಲು ಉಳಿಯುತ್ತದೆ. ಕಾಲು ವೇಗ ಬಿಟ್ಟುಕೊಟ್ಟು ಅರ್ಧ ಕುಲುಕಾಟ ತಪ್ಪಿಸಿಕೊಳ್ಳುವ ವ್ಯಾಪಾರ ನನಗೇನೋ ಅಗ್ಗವೆನಿಸುತ್ತದೆ.

ಕೊನೆಯ ಮೊತ್ತವನ್ನಷ್ಟೇ ನೋಡಿದರೆ ದಾರಿಯ ಸಂಕಟ ಕಾಣುವುದಿಲ್ಲ. ಪೂರ್ತಿ ಕೆಲ್ಲಿಗೆ ಒಂದು ಸರಳವೂ ಭೀಕರವೂ ಆದ ನಿಯಮವಿದೆ. ಪಣಗಳು ಚಿಕ್ಕವಾಗಿದ್ದು ದೀರ್ಘಕಾಲ ಆಡುತ್ತ ಹೋದರೆ, ಆರಂಭದ ಗಂಟು ಎಂದಾದರೊಮ್ಮೆ ಅರ್ಧಕ್ಕೆ ಇಳಿಯುವ ಸಾಧ್ಯತೆ ಎರಡಕ್ಕೆ ಒಂದು. ಮೂರನೇ ಒಂದು ಪಾಲಿಗೆ ಇಳಿಯುವ ಸಾಧ್ಯತೆ ಮೂರಕ್ಕೆ ಒಂದು. ಹತ್ತನೇ ಒಂದು ಪಾಲಿಗೆ ಇಳಿಯುವುದು ಹತ್ತಕ್ಕೆ ಒಂದು. ನೆನಪಿಡಿ, ಇದು ಮೇಲುಗೈ ನಿಜವಾಗಿ ಇದ್ದು, ಅದರ ಅಳತೆ ಕರಾರುವಾಕ್ಕಾಗಿ ಗೊತ್ತಿದ್ದು, ಎಲ್ಲಿಯೂ ತಪ್ಪು ಮಾಡದವನಿಗೆ ಕಾದಿರುವ ಲೆಕ್ಕ. ಹತ್ತು ಲಕ್ಷ ಇಟ್ಟು ಹೀಗೆ ಆಡುವ ಹತ್ತು ಜಾಣರಲ್ಲಿ ಒಬ್ಬ ಒಂದು ದಿನ ಒಂದು ಲಕ್ಷ ಹಿಡಿದು ಕೂತಿರುತ್ತಾನೆ. ಅರ್ಧ ಕೆಲ್ಲಿಯಲ್ಲಿ ಗಂಟು ಅರ್ಧಕ್ಕಿಳಿಯುವ ಸಾಧ್ಯತೆ ಎಂಟಕ್ಕೆ ಒಂದಕ್ಕೆ ಇಳಿಯುತ್ತದೆ, ಕಾಲು ಕೆಲ್ಲಿಯಲ್ಲಿ 128ಕ್ಕೆ ಒಂದು.

ಇದನ್ನೇ ಇನ್ನೊಂದು ಬಗೆಯಲ್ಲಿ ಕೇಳಬಹುದು: ಗಂಟು ಎರಡರಷ್ಟಾಗುವ ಮೊದಲೇ ಅರ್ಧವಾಗಿಬಿಡುವ ಸಾಧ್ಯತೆ ಎಷ್ಟು? ಪೂರ್ತಿ ಕೆಲ್ಲಿಯಲ್ಲಿ ಮೂರಕ್ಕೆ ಒಂದು, ಅರ್ಧದಲ್ಲಿ ಒಂಬತ್ತಕ್ಕೆ ಒಂದು.

‘ಇಳಿದರೇನು, ಮೇಲುಗೈ ಇದೆಯಲ್ಲ, ಮತ್ತೆ ಏರುತ್ತದೆ’ ಎಂದು ಪುಸ್ತಕ ಓದಿದವರು ಹೇಳುತ್ತಾರೆ. ನಾಣ್ಯದ ವಿಷಯದಲ್ಲಿ ಅದು ನಿಜ, ಏಕೆಂದರೆ ಶೇ 60 ಎಂದು ಬರೆದು ಕೊಟ್ಟಿದ್ದಾರೆ. ಹೊರಗಿನ ಲೋಕದ ಬಾಜಿಗೆ ಯಾರೂ ಹಾಗೆ ಬರೆದು ಕೊಡುವುದಿಲ್ಲ. ಸೂತ್ರದಲ್ಲಿನ b ಬುಕ್ಕಿಯ ದರಪಟ್ಟಿಯಲ್ಲಿ ಸಿಗುತ್ತದೆ; p ನಮ್ಮ ತಲೆಯಲ್ಲಿ ಹುಟ್ಟುವ ಅಂದಾಜು.

ಬಾಜಿ ಕಾನೂನುಬದ್ಧವಾಗಿರುವ ಇಂಗ್ಲೆಂಡ್‌ನ ಒಂದು ಫುಟ್‌ಬಾಲ್ ಪಂದ್ಯ ತೆಗೆದುಕೊಳ್ಳೋಣ. ತವರಿನ ತಂಡ ಗೆದ್ದರೆ ಬುಕ್ಕಿಯ ದರ 2.10, ಒಂದು ಪೌಂಡ್ ಕಟ್ಟಿದರೆ ಪಣ ಸೇರಿ 2.10 ಬರುತ್ತದೆ, ಅಂದರೆ b 1.10. ಈ ದರದಲ್ಲಿ ಲಾಭ ನಷ್ಟ ಸಮ ಆಗಬೇಕಾದರೆ ತಂಡ ನೂರಕ್ಕೆ 47.6 ಸಲ ಗೆಲ್ಲಬೇಕು. ನಮ್ಮ ಬಾಜಿದಾರ ಗಾಯಾಳುಗಳ ಪಟ್ಟಿ, ಹಿಂದಿನ ಪಂದ್ಯಗಳ ಗೋಲು ಎಲ್ಲ ಅಳೆದು, ಗೆಲ್ಲುವ ಸಾಧ್ಯತೆ ಶೇ 52 ಎಂದು ತೀರ್ಮಾನಿಸಿದ್ದಾನೆ. ಗಂಟು ಸಾವಿರ ಪೌಂಡ್. ಸೂತ್ರಕ್ಕೆ ಹಾಕಿದರೆ ಪಾಲು ಶೇ 8.36, ಪಣ ಸುಮಾರು 84 ಪೌಂಡ್.

ಈಗ ಅವನ ಅಂದಾಜು ಬರೀ ಎರಡು ಅಂಶ ಹೆಚ್ಚಾಗಿತ್ತು, ನಿಜವಾದ ಸಾಧ್ಯತೆ 50 ಎಂದುಕೊಳ್ಳಿ. ಅದಕ್ಕೆ ಸರಿಯಾದ ಪೂರ್ತಿ ಕೆಲ್ಲಿ ಶೇ 4.5, ಸುಮಾರು 45 ಪೌಂಡ್. ಅವನು ಕಟ್ಟಿದ್ದು ಅದರ ಒಂದೂ ಮುಕ್ಕಾಲು ಪಟ್ಟಿಗಿಂತ ಹೆಚ್ಚು. ಸುಮಾರು ಎರಡು ಪಟ್ಟಾದರೆ ಬೆಳವಣಿಗೆ ಸೊನ್ನೆ ಎಂದು ನಾಣ್ಯದಲ್ಲಿ ನೋಡಿದೆವಲ್ಲ, ಆ ಅಂಚಿಗೆ ಬಂದು ನಿಂತಿದ್ದಾನೆ. ನಿಜವಾದ ಸಾಧ್ಯತೆ 49 ಆಗಿದ್ದರೆ ಸರಿಯಾದ ಪಣ 26 ಪೌಂಡ್. ಅವನದು ಅದರ ಮೂರು ಪಟ್ಟಿಗಿಂತ ಮೇಲೆ. ಮೇಲುಗೈ ಇದ್ದೂ, ಅವನ ಗಂಟು ಪಂದ್ಯದಿಂದ ಪಂದ್ಯಕ್ಕೆ ಕರಗುತ್ತ ಹೋಗುತ್ತದೆ. ಫುಟ್‌ಬಾಲ್ ಪಂದ್ಯದ ಸಾಧ್ಯತೆಯನ್ನು ಎರಡು ಮೂರು ಅಂಶದೊಳಗೆ ಹಿಡಿಯಬಲ್ಲವರು ಬಹಳ ಕಡಿಮೆ. ಅಲ್ಲದೆ ಈ ತಪ್ಪು ಎರಡೂ ಕಡೆ ಸಮನಾಗಿ ಬರುವುದಿಲ್ಲ. ಬಾಜಿದಾರ ಕಟ್ಟುವುದೇ ತನ್ನ ಅಂದಾಜು ಬುಕ್ಕಿಯದಕ್ಕಿಂತ ಮೇಲಿದ್ದಾಗ. ತಾನು ಅತಿಯಾಗಿ ಅಂದಾಜಿಸಿದ ಪಂದ್ಯಗಳೇ ಅವನ ಪಟ್ಟಿಯಲ್ಲಿ ತುಂಬಿಕೊಳ್ಳುತ್ತವೆ.

ಹೋಗಲಿ, ಆಡಿದ ಮೇಲಾದರೂ ತನ್ನ ಅಂದಾಜು ಸರಿಯಿತ್ತೋ ಇಲ್ಲವೋ ತಿಳಿಯುತ್ತದೆಯೇ? ತಿಳಿಯುತ್ತದೆ, ತುಂಬಾ ನಿಧಾನವಾಗಿ. ಇಂಥ ಸರಿಸುಮಾರು ಸಮಬಲದ ಬಾಜಿಗಳಲ್ಲಿ 52ಕ್ಕೂ 50ಕ್ಕೂ ಇರುವ ವ್ಯತ್ಯಾಸವನ್ನು ಅದೃಷ್ಟದಿಂದ ಬೇರ್ಪಡಿಸಿ ನೋಡಲು 2,500 ಬಾಜಿಗಳಾದರೂ ಬೇಕು. ಋತುವಿಗೆ 500 ಕಟ್ಟುವವನಿಗೆ ಅದು ಐದು ವರ್ಷದ ಮಾತು. ಐನೂರರ ಕೊನೆಗೆ ಗೆಲುವಿನ ಪ್ರಮಾಣ ಬರೀ ಅದೃಷ್ಟದಿಂದಲೇ ನಾಲ್ಕೂವರೆ ಅಂಶ ಮೇಲೆ ಕೆಳಗೆ ಆಗಿರಬಹುದು. ಪೂರ್ತಿ ಕೆಲ್ಲಿ ಅಸಹನೀಯವಾಗುವುದು ಇಲ್ಲಿಯೇ ಎಂದು ನನ್ನ ಎಣಿಕೆ. ಗಂಟು ಅರ್ಧವಾದ ದಿನ ಬಾಜಿದಾರನ ಎದುರು ಎರಡು ವಿವರಣೆಗಳಿರುತ್ತವೆ: ಒಂದು, ಲೆಕ್ಕ ಸರಿಯಿದೆ, ಕಾಲ ಕೆಟ್ಟಿದೆ, ಇನ್ನೊಂದು, ಮೇಲುಗೈ ಎಂಬುದೇ ಇರಲಿಲ್ಲ. ಎರಡರಲ್ಲಿ ಯಾವುದು ನಿಜವೆಂದು ಹೇಳುವ ಪುರಾವೆ ಅವನ ವಹಿಯಲ್ಲಿ ಇನ್ನೂ ಸೇರಿರುವುದಿಲ್ಲ. ಸುಮಾರು ಜನ ಆಗ ಮಾಡುವುದು ಎರಡೇ ಕೆಲಸ, ಹೆದರಿ ಬಿಟ್ಟುಬಿಡುವುದು ಇಲ್ಲವೇ ಹೋದದ್ದನ್ನು ಎಳೆದು ತರಲು ಪಣ ಏರಿಸುವುದು. ಎರಡರಲ್ಲೂ ಕೆಲ್ಲಿ ಭರವಸೆ ಕೊಟ್ಟಿದ್ದ ದೀರ್ಘಾವಧಿ ಅಲ್ಲಿಗೇ ಮುಗಿಯುತ್ತದೆ.

ಈ ವಿದ್ಯೆಯಲ್ಲಿ ನಿಜಕ್ಕೂ ಹಣ ಮಾಡಿದವರು ಏನು ಮಾಡಿದರು? ಹಾಂಗ್‌ಕಾಂಗ್‌ನ ಕುದುರೆ ರೇಸ್‌ಗಳಲ್ಲಿ ಕಂಪ್ಯೂಟರ್ ಲೆಕ್ಕದಿಂದ ಭಾರೀ ಸಂಪತ್ತು ಗಳಿಸಿದ ಅಮೆರಿಕದ ಬಿಲ್ ಬೆಂಟರ್ 1994ರಲ್ಲಿ ತನ್ನ ಪದ್ಧತಿಯನ್ನು ಪ್ರಬಂಧವಾಗಿ ಬರೆದ. ಬರೀ ತನ್ನ ಮಾದರಿಯ ಅಂದಾಜನ್ನೇ ನಂಬಿದರೆ ಮೇಲುಗೈ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ ಎಂಬುದನ್ನು ಅವನು ಕಂಡುಕೊಂಡಿದ್ದ. ಅದಕ್ಕಾಗಿ ತನ್ನ ಅಂದಾಜನ್ನೂ ಜನ ಕಟ್ಟಿದ ಹಣದಿಂದ ರೂಪುಗೊಂಡ ದರವನ್ನೂ ಬೆರೆಸಿ ಮೂರನೆಯದೊಂದು ಸಾಧ್ಯತೆ ತೆಗೆಯುತ್ತಿದ್ದ. ಅಷ್ಟಾದ ಮೇಲೂ ಕೆಲ್ಲಿಯ ಪೂರ್ತಿ ಪಾಲು ಕಟ್ಟುವುದು ಬೇಡ, ಅದರ ಒಂದು ಅಂಶ ಸಾಕು ಎಂಬ ಕಡೆಗೇ ಅವನ ಸಲಹೆ. ಬ್ಲ್ಯಾಕ್‌ಜ್ಯಾಕ್ ಎಂಬ ಇಸ್ಪೀಟು ಆಟದಲ್ಲಿ ಕ್ಯಾಸಿನೊಗಳನ್ನು ಸೋಲಿಸಿ, 1962ರಲ್ಲಿ ಅದರ ಬಗ್ಗೆ ಪುಸ್ತಕ ಬರೆದ ಗಣಿತಜ್ಞ ಎಡ್ ಥಾರ್ಪ್‌ಗೆ ಕೆಲ್ಲಿಯ ಪ್ರಬಂಧವನ್ನು ತೋರಿಸಿದ್ದು ಸ್ವತಃ ಶಾನನ್. ಕೆಲ್ಲಿಯನ್ನು ಜೀವನಪರ್ಯಂತ ಎತ್ತಿ ಹಿಡಿದ ಆತ ಕೂಡ ಅರ್ಧ ಕೆಲ್ಲಿಯ ಪರವಾಗಿಯೇ ಬರೆದಿದ್ದಾನೆ.

ನಮ್ಮ ಫುಟ್‌ಬಾಲ್ ಬಾಜಿದಾರನಿಗೆ ಮರಳಿದರೆ ಭಾಗಿಸುವುದರ ಲಾಭ ಅಂಕಿಯಲ್ಲೇ ಕಾಣುತ್ತದೆ. ಅವನ 84 ಪೌಂಡನ್ನು ಅರ್ಧ ಮಾಡಿದರೆ 42. ನಿಜವಾದ ಸಾಧ್ಯತೆ 50 ಇದ್ದರೆ ಸರಿಯಾದ ಪೂರ್ತಿ ಪಣವೇ 45; ಹಾಗಾಗಿ ಅರ್ಧವೆಂದುಕೊಂಡು ಕಟ್ಟಿದ್ದು ವಾಸ್ತವದಲ್ಲಿ ಪೂರ್ತಿ ಕೆಲ್ಲಿಗೆ ಹತ್ತಿರ. 49 ಇದ್ದರೆ 42 ಕೂಡ ಜಾಸ್ತಿಯೇ, ಆದರೆ ಮುಳುಗಿಸುವಷ್ಟಲ್ಲ. ಕಾಲು ಕೆಲ್ಲಿ ಕಟ್ಟಿದ್ದರೆ 21 ಪೌಂಡ್. ಆಗ 49ರಲ್ಲೂ ಅವನು ಸುರಕ್ಷಿತ. ಅಂದಾಜಿನ ಮೇಲೆ ನಂಬಿಕೆ ಕಡಿಮೆಯಿದ್ದಷ್ಟೂ ಭಾಜಕ ದೊಡ್ಡದಿರಬೇಕು. ಎರಡೋ ಮೂರೋ ನಾಲ್ಕೋ ಎಂಬುದಕ್ಕೆ ಗಣಿತದಲ್ಲಿ ಪವಿತ್ರ ಸಂಖ್ಯೆ ಇಲ್ಲ.

ಶನಿವಾರ ಒಂದೇ ಹೊತ್ತಿಗೆ ಹತ್ತು ಪಂದ್ಯಗಳಿದ್ದರೆ ಭಾಗಿಸುವುದಕ್ಕೆ ಇನ್ನೊಂದು ಕಾರಣ ಸೇರುತ್ತದೆ. ಒಂದರ ಫಲಿತಾಂಶ ತಿಳಿದು ಪಣ ಕುಗ್ಗಿಸಲು ಅಲ್ಲಿ ಸಮಯವಿಲ್ಲ. ಹತ್ತಕ್ಕೂ ಶೇ 8ರಂತೆ ಕಟ್ಟಿದರೆ ಗಂಟಿನ ಮುಕ್ಕಾಲಿಗಿಂತ ಹೆಚ್ಚು ಒಂದೇ ಮಧ್ಯಾಹ್ನ ಮೈದಾನದಲ್ಲಿರುತ್ತದೆ. ಎಲ್ಲ ಅಂದಾಜುಗಳೂ ಒಂದೇ ತಪ್ಪು ಊಹೆಯಿಂದ ಹುಟ್ಟಿದ್ದರೆ, ಉದಾಹರಣೆಗೆ ತವರಿನ ಅನುಕೂಲವನ್ನು ಎಲ್ಲ ಪಂದ್ಯಕ್ಕೂ ಹೆಚ್ಚಾಗಿ ಲೆಕ್ಕ ಹಿಡಿದಿದ್ದರೆ, ಹತ್ತೂ ಒಟ್ಟಿಗೆ ಕೈಕೊಡಬಹುದು.

ಕೆಲ್ಲಿಯ ಗುರಿಯನ್ನೇ ಒಪ್ಪದವರೂ ಇದ್ದರು. ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಪಾಲ್ ಸ್ಯಾಮ್ಯುಯೆಲ್ಸನ್ ಅವರಲ್ಲಿ ಪ್ರಮುಖ. ದೀರ್ಘಾವಧಿಯಲ್ಲಿ ಅತಿ ವೇಗದ ಬೆಳವಣಿಗೆ ಬೇಕೆಂದು ಎಲ್ಲರೂ ಬಯಸಬೇಕೆಂಬ ಕಟ್ಟಳೆ ಏನಿದೆ ಎಂಬುದು ಅವನ ತಕರಾರು. 1979ರಲ್ಲಿ ಇದೇ ವಾದವನ್ನು ಇಂಗ್ಲಿಷಿನ ಒಂದೇ ಉಚ್ಚಾರಾಂಶದ ಪದಗಳಲ್ಲಿ ಬರೆದು, ಎದುರಾಳಿಗಳಿಗೆ ಮಗುವಿಗೆ ಹೇಳುವಂತೆ ಹೇಳಿದ್ದ. ಕುಚೋದ್ಯವಿದ್ದರೂ ವಾದದಲ್ಲಿ ಹುರುಳಿದೆ. ಮಗಳ ಮದುವೆಗೆ ಮುಂದಿನ ವರ್ಷ ಹಣ ಬೇಕಾದವನಿಗೆ ನೂರು ವರ್ಷದ ಸರಾಸರಿ ವೇಗ ಕಟ್ಟಿಕೊಂಡು ಏನಾಗಬೇಕು? ಅಂಥವನಿಗೆ ಅರ್ಧ ಕೆಲ್ಲಿಯೂ ಜಾಸ್ತಿಯೇ. ಸೂತ್ರಕ್ಕೆ ಹಾಕುವ ಗಂಟು ಮನೆ ಬಾಡಿಗೆ, ಶಾಲೆ ಫೀಸು ಎಲ್ಲ ತೆಗೆದಿಟ್ಟು ಉಳಿದದ್ದಾಗಿರಬೇಕೆಂಬುದು ಅದರಲ್ಲಿ ಬರೆದಿಲ್ಲ, ಬಾಜಿದಾರನೇ ಸೇರಿಸಿಕೊಳ್ಳಬೇಕು.

ಇಷ್ಟೆಲ್ಲ ಮೇಲುಗೈ ಇರುವವನ ಚಿಂತೆ. ಇಲ್ಲದವನಿಗೆ ಅದೇ ಸೂತ್ರ ಬೇಗ ಉತ್ತರ ಕೊಡುತ್ತದೆ. 2.10ರ ದರದಲ್ಲಿ p ಶೇ 47 ಎಂದು ಹಾಕಿ ನೋಡಿ, f ಸೊನ್ನೆಗಿಂತ ಕೆಳಗೆ ಬರುತ್ತದೆ, ಅಂದರೆ ಕಟ್ಟಲೇಬಾರದು. ಸೊನ್ನೆಯ ಅರ್ಧವೂ ಸೊನ್ನೆಯೇ, ಇಲ್ಲಿ ಭಾಗಿಸಿ ಉಳಿಸಿಕೊಳ್ಳುವಂಥದ್ದೇನೂ ಇಲ್ಲ. ಹೆಚ್ಚಿನ ಬಾಜಿದಾರರು ಇರುವುದು ಈ ಸಾಲಿನಲ್ಲಿಯೇ, ಏಕೆಂದರೆ ಬುಕ್ಕಿಯ ಲಾಭ ದರದಲ್ಲಿ ಮೊದಲೇ ಸೇರಿರುತ್ತದೆ. ರೇಸ್ ಕೋರ್ಸಿನ ಟೋಟ್‌ನಲ್ಲೂ ಜನ ಹಾಕಿದ ಹಣದಿಂದ ಕ್ಲಬ್ಬಿನ ಪಾಲು, ತೆರಿಗೆ ಮುರಿದುಕೊಂಡ ಮೇಲೆ ಉಳಿದದ್ದು ಹಂಚಿಕೆಯಾಗುತ್ತದೆ. ನಮ್ಮಲ್ಲಂತೂ ಕ್ರಿಕೆಟ್ ಬೆಟ್ಟಿಂಗ್ ಅಪರಾಧ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ.

ಇಂಗ್ಲೆಂಡ್‌ನಲ್ಲಿ ಮೇಲುಗೈ ನಿಜವಾಗಿ ಇರುವವನಿಗೂ ಒಂದು ತೊಡಕು ಕಾದಿರುತ್ತದೆ. ಅಲ್ಲಿನ ಬುಕ್ಕಿ ಕಂಪನಿಗಳು ಸತತವಾಗಿ ಗೆಲ್ಲುವವರನ್ನು ಗುರುತಿಸಿ, ಅವರ ಖಾತೆಗೆ ಪಣದ ಮಿತಿ ಹೇರುವುದು ಮಾಮೂಲು. ನಮ್ಮ ಬಾಜಿದಾರ ಕಾಲು ಕೆಲ್ಲಿ ಲೆಕ್ಕ ಹಾಕಿ 21 ಪೌಂಡ್ ಕಟ್ಟಲು ಹೋದರೆ, ಪರದೆಯ ಮೇಲೆ ಎರಡೋ ಮೂರೋ ಪೌಂಡ್ ಮಾತ್ರ ಸ್ವೀಕರಿಸುತ್ತೇವೆ ಎಂದು ಬರಬಹುದು.